ಅಪ್ಪನ ಅಂಗಡಿಯ ಸಾಲು

ಹೊಂದಿಸಿ ಬರೆಯಿರಿ ಎಂಬ ಪ್ರಶ್ನೆಯನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಎಡಗಡೆ ನಾಲ್ಕು, ಬಲಗಡೆ ನಾಲ್ಕು. ಮೂರು ಗೊತ್ತಿದ್ದರೆ ನಾಲ್ಕನೆಯದು ತಾನಾಗಿಯೇ ಕೂತುಬಿಡುತ್ತದೆ. ಮಕ್ಕಳು ಪಾಠ ಕಲಿಯುವುದಿಲ್ಲ, ಗೆರೆ ಎಳೆಯುವುದನ್ನು ಕಲಿಯುತ್ತಾರೆ. ಶಿವಾಜಿನಗರದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಈ ಮಾತನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ನಾನು ಬಾಯಿ ತೆರೆದ ಕೂಡಲೇ ಉಳಿದವರು ಟೀ ಲೋಟ ಹಿಡಿದು ಎದ್ದು ಹೋಗುತ್ತಿದ್ದರು.

ಹಾಗಿರುವಾಗ, ಹೊಸದಾಗಿ ಬಂದ ಕನ್ನಡ ಟೀಚರು ತನ್ನ ಪರೀಕ್ಷೆಯ ಪಾಠಕ್ಕೆ ಒಂದು ಪುಟ್ಟ ಪದ್ಯವನ್ನೂ ಹೊಂದಿಸಿ ಬರೆಯುವ ಹಾಳೆಯನ್ನೂ ಆರಿಸಿಕೊಂಡಾಗ ನನಗೆ ಪಾಪ ಅನ್ನಿಸಿತು. ವಿಜಯಪುರದ ಕಡೆಯ ಹುಡುಗಿ. ಗಂಡನಿಗೆ ದೊಡ್ಡನೆಕ್ಕುಂದಿಯಲ್ಲಿ ಕೆಲಸ. ಆಕೆಯನ್ನು ಕೆಲಸದಲ್ಲಿ ಉಳಿಸಿಕೊಳ್ಳಬೇಕೋ ಬೇಡವೋ ಎಂಬುದು ಆ ಒಂದು ಪಾಠದ ಮೇಲೆ ನಿಂತಿತ್ತು. ಪ್ರಿನ್ಸಿಪಾಲರು ಮೊದಲೇ ಅನುಮಾನದಲ್ಲಿದ್ದರು. ಆಕೆಯ ಕನ್ನಡ ನಮ್ಮ ಮಕ್ಕಳಿಗೆ ಅರ್ಥವಾಗುವುದಿಲ್ಲ, ಮನೆಯಲ್ಲಿ ದಖನಿ ಉರ್ದು, ತಮಿಳು ಆಡುವ ಐದನೇ ಕ್ಲಾಸಿನವರಿಗೆ ಅಲಂಕಾರದ ಪಾಠ ಬೇರೆ ಕೇಡು ಎಂದು ನನ್ನ ಹತ್ತಿರ ಗೊಣಗಿದ್ದರು. ಹಿಂದಿನ ಬೆಂಚಿನಲ್ಲಿ ಅವರ ಪಕ್ಕ ಕೂತು ನೋಡಬೇಕಾದವಳು ನಾನು.

ಆಕೆ ಬೋರ್ಡಿನ ಮೇಲೆ ತಾನೇ ಕಟ್ಟಿದ ಪದ್ಯವನ್ನು ಬರೆದಳು.

ಬೆಳಗಿನ ಬಿಸಿಲು ಹಳದಿ ದುಪ್ಪಟ್ಟಾ,
ಬಸ್ಸು ಆಮೆಯಂತೆ ಬಂದಿತು.
ಬೀದಿಯ ದೀಪ ಕಣ್ಣು ಮಿಟುಕಿಸಿತು,
ಅಪ್ಪನ ಅಂಗಡಿ ಮುಚ್ಚಿತು.

ಉಪಮೆ, ರೂಪಕ ಎಂಬ ಹೆಸರುಗಳನ್ನು ಆಕೆ ಎತ್ತಲೇ ಇಲ್ಲ. ಬಿಸಿಲನ್ನು ಮಡಚಿ ಬೀರುವಿನಲ್ಲಿ ಇಡಬಹುದಾ ಎಂದು ಕೇಳಿದಳು. ಕ್ಲಾಸು ನಕ್ಕಿತು. ಹಾಗಾದರೆ ಎರಡಕ್ಕೂ ಏನು ಹೊಂದುತ್ತದೆ ಎಂದಾಗ ಬಣ್ಣ ಎಂದವರು ಕೆಲವರು, ಮೈಮೇಲೆ ಬೀಳೋದು ಎಂದವರು ಕೆಲವರು. ಬಸ್ಸಿಗೂ ಆಮೆಗೂ ಏನು ಸಮ ಎಂದರೆ, ಟಿನ್ ಫ್ಯಾಕ್ಟರಿ ಹತ್ತಿರದಿಂದ ಬರುವ ಹುಡುಗಿಯೊಬ್ಬಳು ಅದರ ನಿಧಾನವನ್ನು ಎಷ್ಟು ಸಂಕಟದಿಂದ ವರ್ಣಿಸಿದಳೆಂದರೆ ಪ್ರಿನ್ಸಿಪಾಲರೂ ನಕ್ಕರು. ಆಮೇಲೆ ಆಕೆ ಎರಡು ಸಾಲುಗಳನ್ನೂ ಪಕ್ಕಪಕ್ಕ ಓದಿಸಿ, ಒಂದರಲ್ಲಿ 'ಅಂತೆ' ಇದೆ, ಇನ್ನೊಂದರಲ್ಲಿ ಬಿಸಿಲೇ ದುಪ್ಪಟ್ಟಾ ಆಗಿಬಿಟ್ಟಿದೆ ಎಂದು ಮಕ್ಕಳ ಬಾಯಿಂದಲೇ ಹೊರಡಿಸಿದಳು. ನಾನು ನೆಟ್ಟಗೆ ಕೂತೆ.

ಹಾಳೆ ಹಂಚಿದಾಗ ನಾನು ಇನ್ನೂ ನೆಟ್ಟಗಾದೆ. ಎಡಗಡೆ ಪದ್ಯದ ನಾಲ್ಕು ಸಾಲು. ಬಲಗಡೆ ಐದು ಚೌಕ. 'ಅದರ ಹಾಗೆ ಇದು', 'ಇದೇ ಅದು', 'ವಸ್ತು ಮನುಷ್ಯರ ಕೆಲಸ ಮಾಡಿತು', 'ಉಬ್ಬಿಸಿ ಹೇಳಿದ್ದು', 'ಇದ್ದದ್ದು ಇದ್ದ ಹಾಗೆ'. ಒಂದು ಚೌಕ ಹೆಚ್ಚಿಗೆ ಇದ್ದದ್ದರಿಂದ ಉಳಿದದ್ದಕ್ಕೆ ಉಳಿದದ್ದನ್ನು ಗಂಟು ಹಾಕುವ ದಾರಿ ಇರಲಿಲ್ಲ. ಅಲಂಕಾರವಿಲ್ಲದ ಸಾಲನ್ನೂ ಇಟ್ಟು, ಎಲ್ಲ ಮಾತೂ ಅಲಂಕಾರವಲ್ಲ ಎಂದೂ ಕಲಿಸುತ್ತಿದ್ದಳು. ನನ್ನ ಇಷ್ಟು ಕಾಲದ ಗೊಣಗಾಟಕ್ಕೆ ಆ ಹಾಳೆ ಸದ್ದಿಲ್ಲದೆ ಉತ್ತರ ಕೊಟ್ಟಿತ್ತು. ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ.

ಎಡವಟ್ಟಾದದ್ದು ನಾಲ್ಕನೆಯ ಸಾಲಿನಲ್ಲಿ. ಮೊದಲ ಮೂರಕ್ಕೆ ಮಕ್ಕಳು ಸರಸರ ಗೆರೆ ಎಳೆದರು. 'ಅಪ್ಪನ ಅಂಗಡಿ ಮುಚ್ಚಿತು' ಎಂಬುದನ್ನು ಮಾತ್ರ ಮುಕ್ಕಾಲು ಕ್ಲಾಸು ಮುಟ್ಟಲಿಲ್ಲ. ಓದಿಸಿದಾಗಲೂ ಆ ಸಾಲಿಗೆ ಬಂದ ಕೂಡಲೇ ದನಿಗಳು ಕೆಳಗಿಳಿದಿದ್ದವು. ನಮ್ಮ ಮುಂದಿನ ಬೆಂಚಿನಲ್ಲೇ ಕೂತಿದ್ದ ಹುಡುಗಿಯೊಬ್ಬಳು ಸಾಲನ್ನೇ ಪೆನ್ಸಿಲಿನಿಂದ ಹೊಡೆದು ಹಾಕಿದ್ದಳು. ಪ್ರಿನ್ಸಿಪಾಲರು ಬಗ್ಗಿ ನನ್ನ ಕಿವಿಯಲ್ಲಿ, ಅತಿ ಸುಲಭದ ಸಾಲೇ ಬರಲಿಲ್ಲ, ನೋಡಿದ್ರಾ, ಎಂದರು. ಹಾಳೆಗಳನ್ನು ನೋಡುತ್ತಾ ಅಲ್ಲಿಗೇ ಬಂದಿದ್ದ ಟೀಚರಿಗೂ ಅದು ಕೇಳಿಸಿರಬೇಕು, ಮುಖ ಇಳಿಯಿತು.

ಆಕೆಯ ಜಾಗದಲ್ಲಿ ನಾನಿದ್ದಿದ್ದರೆ ಉತ್ತರವನ್ನು ಬೋರ್ಡಿಗೆ ಬರೆದು ಎಲ್ಲರಿಂದ ಗೆರೆ ಎಳೆಸಿ ಮಾನ ಉಳಿಸಿಕೊಳ್ಳುತ್ತಿದ್ದೆ. ಆಕೆ ಹಾಗೆ ಮಾಡಲಿಲ್ಲ. ಆ ಹುಡುಗಿಯ ಬೆಂಚಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಕೇಳಿದಳು.

"ಯಾಕವಾ, ಈ ಸಾಲು ಯಾಕ ಹೊಡದಿ?"

ಹುಡುಗಿ ಮೊದಲು ತಲೆ ತಗ್ಗಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು.

"ಹಂಗೆ ಹೇಳ್ಬಾರ್ದು ಮಿಸ್. ಅಂಗಡಿ ಮುಚ್ತು ಅಂದ್ರೆ ನಮ್ಮಬ್ಬಾ ಬೈತಾರೆ. ದುಕಾನ್ ಬಢಾನಾ ಅನ್ಬೇಕು. ಅಂಗಡಿ ದೊಡ್ಡದು ಮಾಡೋದು ಅಂತ."

ಸುತ್ತಲೂ ಇನ್ನಷ್ಟು ತಲೆಗಳು ಹೌದೆಂದು ಅಲ್ಲಾಡಿದವು. ಬಟ್ಟೆ, ಚಪ್ಪಲಿ, ಪಾತ್ರೆ ವ್ಯಾಪಾರದ ಮನೆಗಳ ಮಕ್ಕಳವರು. ದಿನವೂ ಶಟರು ಎಳೆದು ಬೀಗ ಹಾಕುವಾಗ ಮುಚ್ಚುವುದು ಎಂಬ ಮಾತನ್ನು ಅವರ ಮನೆಯಲ್ಲಿ ಯಾರೂ ಆಡುವುದಿಲ್ಲ. ಮುಚ್ಚಿತು ಎಂದರೆ ಅವರಿಗೆ ದಿವಾಳಿ. ಅಪ್ಪನ ಅಂಗಡಿಗೆ ಯಾವ ಮಗು ತಾನೇ ಕೈಯಾರೆ 'ಇದ್ದದ್ದು ಇದ್ದ ಹಾಗೆ' ಎಂದು ಗೆರೆ ಎಳೆದೀತು?

ಟೀಚರ ಮುಖ ಅರಳಿದ್ದನ್ನು ನಾನು ಮರೆಯಲಾರೆ. ತನ್ನ ಪಾಠ ಕೆಡುತ್ತಿದೆ ಎಂಬುದೇ ಆಕೆಗೆ ನೆನಪಿದ್ದಂತೆ ಕಾಣಲಿಲ್ಲ.

"ನಮ್ಮ ಕಡೇನೂ ಹಂಗ ಐತಿ. ಬಳಿ ಒಡೀತು ಅನ್ನಂಗಿಲ್ಲ, ಬಳಿ ಹೆಚ್ಚಾತು ಅಂತೀವಿ. ತಪ್ಪು ನಿಮ್ಮದಲ್ಲ, ನನ್ನ ಹಾಳೀದು."

ಪ್ರಿನ್ಸಿಪಾಲರ ಎದುರಿಗೇ ಹಾಗೆ ಒಪ್ಪಿಕೊಂಡು, ಬೋರ್ಡಿನ ಮೇಲೆ ಆರನೆಯ ಚೌಕ ಬರೆದಳು: 'ಹೇಳಿದ್ದೊಂದು, ಅರ್ಥ ಇನ್ನೊಂದು'. ನಿಮ್ಮ ಮನೆಗಳಲ್ಲಿ ಇಂಥದ್ದು ಇನ್ನೇನಿದೆ ಎಂದು ಕೇಳಿದಳು. ಹಲಸೂರಿನ ತಮಿಳು ಹುಡುಗನೊಬ್ಬ, ತನ್ನ ಅಜ್ಜಿ ದೇವರ ದೀಪವನ್ನು ಆರಿಸು ಎನ್ನುವುದಿಲ್ಲ, ತಂಪು ಮಾಡು ಅನ್ನುತ್ತಾಳೆ ಎಂದ. ಕನ್ನಡ ಪಿರಿಯಡ್ಡಿನಲ್ಲಿ ಅವನ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಮಕ್ಕಳೇ ಸೇರಿ ಕೊನೆಯ ಸಾಲನ್ನು 'ಅಪ್ಪನ ಅಂಗಡಿ ದೊಡ್ಡದಾಯಿತು' ಎಂದು ತಿದ್ದಿ, ಹೊಸ ಚೌಕಕ್ಕೆ ಗೆರೆ ಎಳೆದು, ಪದ್ಯವನ್ನು ಪಕ್ಕದ ಕ್ಲಾಸಿಗೆ ಕೇಳಿಸುವ ಹಾಗೆ ಓದಿದರು. ಅಲಂಕಾರ ಎನ್ನುವುದು ಪುಸ್ತಕದಲ್ಲಿಲ್ಲ, ತಮ್ಮ ಅಪ್ಪಂದಿರ ಬಾಯಲ್ಲಿದೆ ಎಂದು ಅವರಿಗೆ ಗೊತ್ತಾಯಿತು. ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ನೋಡಿಲ್ಲ.

ಆದರೆ ಬೆಲ್ಲು ಯಾವಾಗಲೋ ಹೊಡೆದಿತ್ತು. ಪಾಠದ ಯೋಜನೆಯಲ್ಲಿದ್ದ ಕೊನೆಯ ಭಾಗ ನಡೆದೇ ಇರಲಿಲ್ಲ. ಪ್ರಿನ್ಸಿಪಾಲರು ಗಡಿಯಾರ ನೋಡಿಕೊಂಡು ಎದ್ದು ಹೋದರು.

ಮಧ್ಯಾಹ್ನ ನಮ್ಮಿಬ್ಬರನ್ನೂ ಕೋಣೆಗೆ ಕರೆಸಿದರು. ನಾನು ನೋಡಿದ್ದನ್ನೆಲ್ಲ ಸ್ವಲ್ಪ ಜೋರಾಗಿಯೇ ಹೇಳಿದೆ. ಅವರು ಕೇಳಿಸಿಕೊಂಡರು, ಕೇಳಿಸಿಕೊಂಡು ಆಕೆಯನ್ನು ಬೈಯಲು ಶುರು ಮಾಡಿದರು. ಹೊತ್ತು ಮೀರಿದ್ದು, ಯೋಜನೆ ಬಿಟ್ಟದ್ದು, ಹಾಳೆಯನ್ನು ಮುಂಚೆ ಯಾರಿಗೂ ತೋರಿಸದೆ ಇದ್ದದ್ದು, ಒಂದನ್ನೂ ಬಿಡಲಿಲ್ಲ. ಆಕೆ ಎಲ್ಲಕ್ಕೂ ಹೌದು ಎಂದಳು. ಕಣ್ಣು ತುಂಬಿತ್ತು. ಕೊನೆಗೆ ಬ್ಯಾಗನ್ನು ಹೆಗಲಿಗೆ ಏರಿಸಿಕೊಂಡು ಕೈ ಜೋಡಿಸಿದಳು.

"ತಿಳೀತ್ರಿ ಮೇಡಂ. ನಾ ಹೋಗತೇನ್ರಿ."

ಪ್ರಿನ್ಸಿಪಾಲರು ಮುಂದಿನ ವಾರದ ಟೈಮ್ ಟೇಬಲ್ಲಿನಿಂದ ತಲೆ ಎತ್ತಲಿಲ್ಲ.

"ಹೋಗ್ತೀನಿ ಅನ್ಬಾರ್ದಮ್ಮ," ಎಂದರು. "ಬರ್ತೀನಿ ಅನ್ನಿ."