ಐದನೇ ನಂಬರಿನ ಕಟ್ಟು

ಆಸ್ಪತ್ರೆಗಳ ಹಾಸು ಹೊದಿಕೆ ಒಗೆಯುವ ಆ ದೊಡ್ಡ ಲಾಂಡ್ರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಪಟ್ಟಿಯಮ್ಮ. ಹಾಜರಿ ಪಟ್ಟಿ, ರಜೆ ಪಟ್ಟಿ, ಪಾಳಿ ಪಟ್ಟಿ ಎಲ್ಲ ಅವಳ ಮೇಜಿನಿಂದಲೇ ಹೊರಡುತ್ತಿದ್ದವು. ಅದಕ್ಕೂ ಮೊದಲು ಹದಿನೇಳು ವರ್ಷ ಅವಳು ಬಟ್ಟೆ ಮಡಿಸುವ ದೊಡ್ಡ ಹಾಲಿನಲ್ಲಿ ನಿಂತು ದುಡಿದವಳು. ಬಿಸಿ ರೋಲರಿನಿಂದ ಬರುವ ಚಾದರವನ್ನು ಹಿಡಿದು ಹಿಡಿದು ಅವಳ ಬೆರಳ ತುದಿಗಳು ಗಾಜಿನ ಹಾಗೆ ನುಣ್ಣಗಾಗಿದ್ದವು. ಓದಿದ್ದು ಏಳನೇ ತರಗತಿ. ಆದರೆ ಆ ಕಚೇರಿಯಲ್ಲಿ ಕೂತ ಮೇಲೆ ಕಾಗದದ ವಿಷಯದಲ್ಲಿ ಅವಳ ಕಣ್ಣಿಗೆ ಮಣ್ಣೆರಚಿದವರಿಲ್ಲ.

ಕೆಲಸಗಾರರೇ ತಮಗೆ ಗೊತ್ತಿರುವ ಒಳ್ಳೆಯ ಕೈಗಳನ್ನು ಕರೆತರಲಿ, ಕರೆತಂದವರಿಗೆ ಬಹುಮಾನ ಕೊಡೋಣ ಎಂದು ಮ್ಯಾನೇಜರು ಹೊರಡಿಸಿದ ಯೋಜನೆಯನ್ನು ನೆಟ್ಟಗೆ ಮಾಡಿದವಳೂ ಅವಳೇ. ಮೊದಲ ವರ್ಷ ಅದು ಹಳ್ಳ ಹಿಡಿದಿತ್ತು. ಸೇರಿದ ದಿನವೇ ಪೂರ್ತಿ ಬಹುಮಾನ ಕೈಗೆ ಬರುತ್ತಿದ್ದುದರಿಂದ ಜನ ಸಿಕ್ಕಸಿಕ್ಕವರ ಕೈಹಿಡಿದು ಎಳೆತಂದರು. ಬಂದವರು ಹತ್ತು ದಿನಕ್ಕೆ ಕಾಲಿಗೆ ಬುದ್ಧಿ ಹೇಳಿದರು. ಇಸ್ತ್ರಿ ವಿಭಾಗವಂತೂ ಒಂದೇ ಮನೆಯವರಿಂದ ತುಂಬಿಹೋಗಿ, ಆ ಮನೆಯ ಮದುವೆಯ ದಿನ ಇಡೀ ಸಾಲು ನಿಂತುಬಿಟ್ಟಿತು. ಆಪರೇಷನ್ ಕೋಣೆಯ ನಿಲುವಂಗಿಗಳು ಹೋಗದೆ ಆಸ್ಪತ್ರೆಯವರು ಫೋನಿನಲ್ಲಿ ಬೆಂಕಿ ಕಾರಿದರು.

ಆಮೇಲೆ ಪಟ್ಟಿಯಮ್ಮ ಕೂತು ಒಂದೊಂದೇ ತೂತು ಮುಚ್ಚಿದಳು. ಬಹುಮಾನ ಅರ್ಧ ಮೊದಲ ತಿಂಗಳು ಮುಗಿದ ಮೇಲೆ, ಉಳಿದರ್ಧ ಬಂದವರು ಆರು ತಿಂಗಳು ನಿಂತರೆ. ಮೇಸ್ತ್ರಿಗಳಿಗೆ, ಕಚೇರಿಯವರಿಗೆ, ಅಂಕ ಹಾಕುವವರಿಗೆ ಬಹುಮಾನವೇ ಇಲ್ಲ. ಒಂದು ವಿಭಾಗದಲ್ಲಿ ಒಂದು ಮನೆಯವರು ಇಬ್ಬರಿಗಿಂತ ಹೆಚ್ಚಿಲ್ಲ, ಯಾರೂ ತಮ್ಮ ನೆಂಟರ ಕೈಕೆಳಗಿಲ್ಲ. ಲಾಂಡ್ರಿಯಲ್ಲಿ ಯಾರೇ ಸಂಬಂಧಿಕರಿದ್ದರೂ ಅರ್ಜಿಯಲ್ಲೇ ಬರೆಯಬೇಕು. ಖಾಲಿ ಜಾಗದ ಸುದ್ದಿ ಗೇಟಿನ ಹೊರಗೂ ಅಂಟಬೇಕು. ಒಳಗಿನವರು ಕರೆತಂದವರಿಗೂ ಬೀದಿಯಿಂದ ಬಂದವರಿಗೂ ಒಂದೇ ಪರೀಕ್ಷೆ: ನಲವತ್ತು ಚಾದರ ಮಡಿಸಿ, ಕಲೆ ಇದ್ದದ್ದನ್ನು ಬೇರೆ ಹಾಕಬೇಕು. ಮಡಿಸಿದ ಕಟ್ಟುಗಳು ಬರೀ ನಂಬರು ಹೊತ್ತು ಪಕ್ಕದ ಕೋಣೆಗೆ ಹೋಗುತ್ತವೆ. ಅಲ್ಲಿ ಮೇಸ್ತ್ರಿ ಮುಖ ನೋಡದೆ, ಹೆಸರು ಕೇಳದೆ ಅಂಕ ಹಾಕಬೇಕು.

ಈ ಸಲ ಜಾಗ ಮೂರು, ಬಂದವರು ಎಂಟು. ಐದನೇ ನಂಬರು ಅವಳ ಸ್ವಂತ ಅಕ್ಕನ ಮಗಳು.

ಹುಡುಗಿಯನ್ನು ಕರೆತಂದವಳು ಅಕ್ಕನ ಪಕ್ಕದ ಮನೆಯಲ್ಲಿರುವ, ಲಾಂಡ್ರಿಯ ಪ್ಯಾಕಿಂಗ್ ವಿಭಾಗದ ಹೆಂಗಸು. ಗಂಡ ಬಿಟ್ಟುಹೋದ ಮೇಲೆ ಕೈಗೂಸಿನೊಂದಿಗೆ ತಾಯಿಯ ಮನೆ ಸೇರಿದ್ದ ಹುಡುಗಿಗೆ ಈ ಕೆಲಸವೇ ಈಗ ಉಸಿರು. "ಚಿಕ್ಕಮ್ಮ, ಕಚೇರಿ" ಎಂದು ಅರ್ಜಿಯಲ್ಲಿ ಅವಳು ಬರೆದದ್ದೇ ತಡ, ಪಟ್ಟಿಯಮ್ಮ ಕಡತವನ್ನು ಮ್ಯಾನೇಜರಿಗೆ ಒಪ್ಪಿಸಿ ದೂರ ಸರಿದಿದ್ದಳು. ನಂಬರು ಹಂಚಿದ್ದು, ಕಟ್ಟು ಸಾಗಿಸಿದ್ದು ಎಲ್ಲ ಗಾಡಿ ವಿಭಾಗದವರು. ಕಾನೂನಿನ ಪ್ರಕಾರ ಅವಳ ಕೈ ಶುದ್ಧ.

ಮಧ್ಯಾಹ್ನ ಮೂರಕ್ಕೆ ಅಂಕಗಳು ಹೆಸರಿನ ಸಮೇತ, ಪಟ್ಟಿ ಬರೆಯಲೆಂದು ಅವಳ ಮೇಜಿಗೆ ಬಂದವು. ಗೆದ್ದ ನಂಬರುಗಳು ಏಳು, ಒಂದು, ಐದು. ಎರಡನೇ ನಂಬರು ಒಂದೇ ಅಂಕದಿಂದ ಹೊರಗೆ. ನಾಲ್ಕಕ್ಕೆ ಪಟ್ಟಿ ಗೋಡೆಗೆ ಹತ್ತಬೇಕು. ಅಷ್ಟರಲ್ಲೇ ಅಕ್ಕನ ಫೋನು.

"ಏನಾಯ್ತೇ? ಬಾಯಿ ಬಿಡೇ."

"ಪಟ್ಟಿ ಹಾಕೋ ತನಕ ಹೇಳೋ ಹಾಗಿಲ್ಲ ಅಕ್ಕ."

"ನನ್ನ ಹತ್ರಾನೂ ನಿನ್ನ ಕಾನೂನು! ಹ್ಞೂಂ ಅಂದ್ರೆ ಸಾಕು, ಕೆಮ್ಮಿದ್ರೂ ಸಾಕು."

ಪಟ್ಟಿಯಮ್ಮ ಕೆಮ್ಮಲಿಲ್ಲ. ಆದರೆ ಫೋನಿಟ್ಟಾಗ ಅವಳ ಮುಖ ಅರಳಿತ್ತು. ಪರೀಕ್ಷೆಯ ಚಾದರಗಳನ್ನು ಗಾಡಿಗೆ ತುಂಬಿಸಬೇಕೆಂಬ ನೆಪದಲ್ಲಿ ಆ ಕೋಣೆಗೆ ನಡೆದಳು. ನಿಜಕ್ಕೂ ಹುಡುಗಿಯ ಕೈಕೆಲಸವನ್ನು ಒಮ್ಮೆ ಕಣ್ತುಂಬ ನೋಡುವ ಆಸೆ.

ಎಂಟು ಕಟ್ಟು ಕಪಾಟಿನಲ್ಲಿ ಸಾಲಾಗಿ ಕೂತಿದ್ದವು. ಐದನೆಯದರ ಮೇಲೆ ಕೈಯಿಟ್ಟಳು. ಬೆರಳು ಅಂಚಿನ ಕೆಳಗೆ ಜಾರಿದ್ದೇ ತಡ, ಕೈ ಅಲ್ಲೇ ನಿಂತಿತು. ಹುಡುಗಿ ಕೊನೆಯ ಅಂಚನ್ನು ಹೆಬ್ಬೆರಳಿನಿಂದ ಒಳಕ್ಕೆ ಸಿಕ್ಕಿಸಿದ್ದಳು, ಕಟ್ಟಿನ ಒಂದೊಂದು ಚಾದರದಲ್ಲೂ. ಹಿಂದೆ ಚಾದರಗಳನ್ನು ದಾರದಲ್ಲಿ ಕಟ್ಟಿ ಒಯ್ಯುತ್ತಿದ್ದ ಕಾಲದಲ್ಲಿ ಬಿಚ್ಚಿಕೊಳ್ಳದಿರಲೆಂದು ಅವಳೇ ಹುಡುಕಿಕೊಂಡಿದ್ದ ಉಪಾಯ ಅದು. ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ ಹಾಲಿನ ಹಳಬರೆಲ್ಲ ಅದಕ್ಕೆ "ಅಕ್ಕನ ಬೆರಳು" ಅನ್ನುತ್ತಿದ್ದರು. ಭಾನುವಾರ ಭಾನುವಾರ ಅಕ್ಕನ ಮನೆಯಲ್ಲಿ ಹುಡುಗಿಗೆ ಮಡಿಸಲು ಕಲಿಸುವಾಗ ಅದನ್ನೂ ಕಲಿಸಿದ್ದಳು. ಮುಖ ಮುಚ್ಚಿದ್ದಾಯಿತು, ಹೆಸರು ಮುಚ್ಚಿದ್ದಾಯಿತು. ಬೆರಳನ್ನು ಮುಚ್ಚುವುದು ಅವಳಿಗೆ ಹೊಳೆದೇ ಇರಲಿಲ್ಲ.

ಎರಡನೇ ಕಟ್ಟನ್ನು ನೋಡಿದಳು. ನೂಲು ಹಿಡಿದು ಗೆರೆ ಎಳೆದ ಹಾಗೆ ನೇರ. ಸಿಕ್ಕಿಸಿದ್ದು ಎಲ್ಲೂ ಇಲ್ಲ. ಸಿಕ್ಕಿಸಬಾರದೆಂದೇ ಆಸ್ಪತ್ರೆಯವರು ಹೋದ ವರ್ಷ ಬರೆದಿದ್ದರು: ನರ್ಸುಗಳು ಅವಸರದಲ್ಲಿ ಒಂದನ್ನು ಎಳೆದರೆ ನಾಲ್ಕು ಜೊತೆಗೆ ಬರುತ್ತವೆ, ಅಂತ.

ಮೇಸ್ತ್ರಿ ಅಲ್ಲೇ ಕಿಟಕಿಯ ಬಳಿ ಕನ್ನಡಕ ಒರೆಸುತ್ತಿದ್ದ. ಇಪ್ಪತ್ತು ವರ್ಷದ ಹಿಂದೆ ಅವನಿಗೆ ಮಡಿಸಲು ಕಲಿಸಿದವಳೂ ಅವಳೇ.

"ಐದಕ್ಕೆ ಯಾಕೆ ಅಷ್ಟು ಅಂಕ ಹಾಕಿದೆ?"

"ಕೈ ಚೆನ್ನಾಗಿತ್ತು ಅಕ್ಕ, ಹಾಕಿದೆ. ಮುಖ ನೋಡಿದ್ನಾ? ಹೆಸರು ಕೇಳಿದ್ನಾ?"

"ಯಾರ ಕೈ ಅಂತ ಗೊತ್ತಾಯ್ತಾ ಇಲ್ವಾ? ಅದನ್ನ ಹೇಳು."

ಮೇಸ್ತ್ರಿ ಕನ್ನಡಕವನ್ನು ಮತ್ತೆ ಒರೆಸತೊಡಗಿದ. "ಮುಟ್ಟಿದ ತಕ್ಷಣ ನಿಮ್ಮ ನೆನಪಾಯ್ತು. ಅದೇನು ಕೊಲೆನಾ? ಆ ಕೈಲಿ ಕೆಲಸ ಕಲಿತು ಅನ್ನ ಉಂಡವನು ನಾನು."

"ಸಿಕ್ಕಿಸಿದ್ರೆ ಅಂಕ ಕಳೀಬೇಕು ಅಂತ ನೀನೇ ಹಾಲಲ್ಲಿ ಕಿರುಚ್ತೀಯಲ್ಲೋ."

"ಕಿರುಚ್ತೀನಿ," ಎಂದ ಮೇಸ್ತ್ರಿ, ದನಿ ಇಳಿಸಿ. "ಇದನ್ನ ನೋಡ್ದಾಗ ಅದು ನೆನಪಿಗೇ ಬರಲಿಲ್ಲ. ಅಕ್ಕ, ಈಗ ಕೆದಕಬೇಡಿ. ಪಾಪದ ಹುಡುಗಿ ಅವಳು."

ಪಾಪದ ಹುಡುಗಿ ಹೌದು. ಎರಡನೇ ನಂಬರಿನವಳು ಪಾಪದವಳೋ ಶ್ರೀಮಂತಳೋ ಯಾರು ಕೇಳಿದರು? ಗಡಿಯಾರ ಮೂರು ಇಪ್ಪತ್ತು ತೋರಿಸುತ್ತಿತ್ತು. ನಲವತ್ತು ನಿಮಿಷ ಸುಮ್ಮನೆ ತನ್ನ ಮೇಜಿನಲ್ಲಿ ಕೂತರೆ ಸಾಕು, ಎಲ್ಲ ತಾನಾಗಿ ಆಗಿಹೋಗುತ್ತದೆ. ಅಂಕಕ್ಕೆ ಅವಳು ಕೈ ಹಾಕಿಲ್ಲ, ಯಾರ ಕಿವಿಯಲ್ಲೂ ಊದಿಲ್ಲ. ಈಗ ಮಾತಾಡಿದರೇ ಅದು ಕೈ ಹಾಕಿದ ಹಾಗೆ.

ಓಣಿಯಲ್ಲಿ ಎಂಟು ಜನ ಬೆಂಚಿನ ಮೇಲೆ ಕೂತಿದ್ದರು. ಅಕ್ಕನ ಮಗಳು ಅವಳ ಮುಖವನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಪಟ್ಟಿಯಮ್ಮ ತಲೆ ತಗ್ಗಿಸಿ ದಾಟಿದಳು. ಬಾಗಿಲ ಬಳಿ ಬಾಯ್ಲರ್ ಕಾಯುವವನು, ಎಲ್ಲರ ಬಾಯಲ್ಲೂ ಬಾಯ್ಲರ್ ಮಾವ, ತೋಳು ಕಟ್ಟಿ ನಿಂತಿದ್ದ. ಎರಡನೇ ನಂಬರನ್ನು ಕರೆತಂದವನು ಅವನೇ.

"ಪಟ್ಟಿ ಹೊರಬರಲಿ ತಾಯಿ, ನಿಮ್ಮ ಕಾನೂನು ನೆಂಟರಿಗೂ ಹಿಡಿಯತ್ತಾ ಅಂತ ನೋಡೋಣ," ಎಂದ. ನಕ್ಕ. ಆ ನಗು ಅವಳ ಬೆನ್ನಿಗಂಟಿಕೊಂಡೇ ಮ್ಯಾನೇಜರ ಕೋಣೆಯವರೆಗೂ ಬಂತು.

ಮ್ಯಾನೇಜರು ಪೆನ್ನು ಬಿಚ್ಚಿ ಸಹಿಗೆ ಕೂತಿದ್ದರು. ಅವಳು ಬಾಗಿಲಲ್ಲೇ ನಿಂತು ಎಲ್ಲ ಹೇಳಿದಳು. ಅವರ ಪೆನ್ನು ಗಾಳಿಯಲ್ಲೇ ನಿಂತಿತು.

"ಬೆಳಗ್ಗೆಯಿಂದ ಆ ಜನ ಕೂತಿದಾರಮ್ಮ! ನೀವು ಬಾಯಿ ಮುಚ್ಕೊಂಡಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

"ಮಡಿಸೋ ಹಾಲಲ್ಲಿ ಮೂವತ್ತು ಜನಕ್ಕೆ ನನ್ನ ಬೆರಳು ಗೊತ್ತು ಸಾರ್. ಹುಡುಗಿ ಮೊದಲ ದಿನ ಎರಡು ಚಾದರ ಮಡಿಸಿದ್ರೆ ಮುಗೀತು. ನಾಡಿದ್ದಿಂದ ಒಬ್ಬರೂ ಒಳ್ಳೆಯವರನ್ನ ಕರ್ಕೊಂಡು ಬರಲ್ಲ. ಯಾಕೆ ಬರಬೇಕು? ಜಾಗ ಮೊದಲೇ ಯಾರಿಗೋ ಬರೆದಿಟ್ಟಿದೆ ಅಂತಾರೆ."

"ಹಾಗಾದ್ರೆ ಐದನ್ನ ತೆಗೆದು ಎರಡನ್ನ ಹಾಕ್ಲಾ?"

"ಅಯ್ಯೋ, ಬೇಡ!" ಅವಳ ದನಿ ಅವಳಿಗೇ ಜೋರೆನಿಸಿತು. "ನಾನು ಹೇಳಿದೆ ಅಂತ ಹಾಕೋ ಹಾಗಿಲ್ಲ, ತೆಗೆಯೋ ಹಾಗೂ ಇಲ್ಲ. ನಾನು ನೆಂಟಳು. ಎಂಟೂ ಜನಕ್ಕೆ ಈಗಿನ ಮಡಿಕೆ ಹೇಗೆ ಅಂತ ಕಾಲು ಗಂಟೆ ತೋರಿಸಿ. ಮನೇಲಿ ಕಲಿತು ಬಂದವರು, ಕಲೀದೇ ಬಂದವರು ಎಲ್ಲ ಒಂದೇ ಗೆರೆ ಮೇಲೆ ನಿಲ್ಲಲಿ. ಆಮೇಲೆ ಗಂಟೆ ಬಾರಿಸೋದರೊಳಗೆ ಇಪ್ಪತ್ತಿಪ್ಪತ್ತು ಚಾದರ. ಆಸ್ಪತ್ರೆಯ ಉಗ್ರಾಣದಮ್ಮ ಗಾಡಿ ಜೊತೆ ಬಂದಿದಾರೆ. ಅವರು ಅಂಕ ಹಾಕಲಿ. ಅವರಿಗೆ ನನ್ನ ಬೆರಳೂ ಗೊತ್ತಿಲ್ಲ, ಯಾರ ಬೆರಳೂ ಗೊತ್ತಿಲ್ಲ."

ಮ್ಯಾನೇಜರು ಪೆನ್ನಿಗೆ ಮುಚ್ಚಳ ಹಾಕಿದರು. "ನಿಮ್ಮ ಅಕ್ಕ ನಿಮ್ಮನ್ನ ಮನೆಗೆ ಸೇರಿಸ್ತಾರಾ?"

"ಅದು ನಿಮ್ಮ ಯೋಜನೆಯಲ್ಲಿ ಇಲ್ಲ ಸಾರ್," ಅಂದಳು.

ಎರಡನೇ ಪರೀಕ್ಷೆ ನಡೆದಷ್ಟು ಹೊತ್ತು ಅವಳನ್ನು ಹಾಲಿನೊಳಗೆ ಬಿಡಲಿಲ್ಲ. ಬಾಗಿಲ ಗಾಜಿನಾಚೆ ನಿಂತಳು. ಅಕ್ಕನ ಮಗಳು ಹೊಸ ಮಡಿಕೆಯನ್ನು ಚೆನ್ನಾಗಿಯೇ ಹಿಡಿದಳು. ಮೊದಲ ಆರು ಚಾದರ ಬೆಣ್ಣೆಯ ಹಾಗೆ ಸಾಗಿದವು. ಏಳನೆಯದರಲ್ಲಿ ಹೆಬ್ಬೆರಳು ತಾನಾಗಿ ಒಳಗೆ ಹೋಯಿತು. ಹುಡುಗಿ ಬೆಚ್ಚಿ ಬಿಚ್ಚಿದಳು, ಮತ್ತೆ ಮಡಿಸಿದಳು. ಒಂಬತ್ತರಲ್ಲಿ ಮತ್ತೆ. ಗಾಜಿನಾಚೆ ಪಟ್ಟಿಯಮ್ಮನ ಹೆಬ್ಬೆರಳು ಸೆರಗಿನೊಳಗಿನ ಮುಷ್ಟಿಯಲ್ಲಿ ಅಡಗಿತ್ತು. ಗಂಟೆ ಬಾರಿಸಿದಾಗ ಹುಡುಗಿಯ ಮುಂದೆ ಮೂರು ಚಾದರ ಮಡಿಸದೆ ಉಳಿದಿದ್ದವು.

ಐದೂಕಾಲಿಗೆ ಪಟ್ಟಿ ಹತ್ತಿತು: ಏಳು, ಎರಡು, ಒಂದು. ಐದನೇ ನಂಬರು ನಾಲ್ಕನೆಯ ಸ್ಥಾನದಲ್ಲಿ. ಮೂರು ತಿಂಗಳೊಳಗೆ ಜಾಗ ಖಾಲಿಯಾದರೆ ಮೊದಲ ಕರೆ ಅವಳಿಗೆ.

ಬಾಯ್ಲರ್ ಮಾವ ಪಟ್ಟಿಯನ್ನು ಎರಡು ಸಲ ಓದಿ ಮೀಸೆ ಉಜ್ಜಿಕೊಂಡ. ಕೊನೆಗೆ, "ಬಹುಮಾನ ಯಾವಾಗ ತಾಯಿ?" ಎಂದ.

"ತಿಂಗಳು ಕಳೀಲಿ. ಅಷ್ಟರೊಳಗೆ ಅವಳು ಓಡಿಹೋಗದ ಹಾಗೆ ನೋಡ್ಕೋ."

ಅಕ್ಕನ ಮಗಳು ಗೇಟಿನ ಹೊರಗೆ ಕಾದಿದ್ದಳು. ಕಣ್ಣಲ್ಲಿ ನೀರಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

"ಮೊದಲು ನಾನು ಗೆದ್ದಿದ್ದೆ. ಮೇಸ್ತ್ರಿ ಹೇಳಿದ್ರು."

"ಹೌದು."

"ಹೆಬ್ಬೆರಳು ಸಿಕ್ಕಿಸೋದು ನಂಗೆ ಹೇಳಿಕೊಟ್ಟಿದ್ದು ಯಾರು ಚಿಕ್ಕಮ್ಮ?"

"ನಾನೇ."

ಹುಡುಗಿ ರಸ್ತೆ ದಾಟಿ ಹೋದಳು. ಅಕ್ಕನ ಫೋನು ಆ ಸಂಜೆ ಬರಲಿಲ್ಲ, ಮರುದಿನವೂ ಬರಲಿಲ್ಲ. ಪಟ್ಟಿಯಮ್ಮ ಆ ವಾರ ಎರಡು ಕಾಗದ ಬರೆದಳು. ಇನ್ನು ಮುಂದೆ ಪರೀಕ್ಷೆಗೆ ಮೊದಲು ಎಲ್ಲರಿಗೂ ಕಾಲು ಗಂಟೆ ಕಲಿಸಬೇಕು, ಅಂಕ ಹಾಕಲು ಹೊರಗಿನವರೊಬ್ಬರು ಇರಬೇಕು ಎಂದು ಒಂದು. ಮೇಸ್ತ್ರಿಯ ತಪ್ಪಿನಲ್ಲಿ ತನ್ನದೂ ಪಾಲಿದೆ ಎಂದು ಇನ್ನೊಂದು.

ಭಾನುವಾರ ಎಂದಿನ ಹೊತ್ತಿಗೆ ಅಕ್ಕನ ಮನೆಯ ಬಾಗಿಲು ತಟ್ಟಿದಳು. ತೆಗೆದ ಅಕ್ಕ ಮುಖ ತಿರುಗಿಸಿ ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆಗಳು ಒಂದಕ್ಕೊಂದು ಬಡಿದಾಡಿದವು. ಪಟ್ಟಿಯಮ್ಮ ಕುರ್ಚಿಯ ತುದಿಯಲ್ಲಿ ಕೂತಳು. ಮಗು ತೆವಳಿ ಬಂದು ಅವಳ ಚಪ್ಪಲಿ ಎಳೆಯಿತು.

ಹುಡುಗಿ ಒಳಗಿನಿಂದ ಒಣಗಿದ ಚಾದರಗಳ ರಾಶಿ ತಂದು ಮಂಚದ ಮೇಲೆ ಧೊಪ್ಪನೆ ಹಾಕಿದಳು.

"ಹೊಸ ಮಡಿಕೆ ನಿಮಗೆ ಬರತ್ತಾ?"

ಪಟ್ಟಿಯಮ್ಮ ಎದ್ದು ಒಂದನ್ನು ಎತ್ತಿಕೊಂಡಳು. ಅಂಚಿಗೆ ಅಂಚು ಕೂಡಿಸಿದಳು, ಅಂಗೈಯಲ್ಲಿ ಒತ್ತಿದಳು, ಮಡಿಸಿದಳು. ಕೊನೆಗೆ ಬಂದಾಗ ಅವಳಿಗೇ ತಿಳಿಯದಂತೆ ಹೆಬ್ಬೆರಳು ಒಳಗೆ ಜಾರಿತು.

ಹುಡುಗಿ ಅದರ ಮೇಲೆ ಪಟ್ಟನೆ ಒಂದು ಏಟು ಕೊಟ್ಟಳು.

"ತೆಗೀರಿ," ಅಂದಳು. "ಮೊದಲಿಂದ ಮಾಡಿ."