ಏಪ್ರಿಲ್, ಮೇ ಫ್ರೀ

ಕಾಲವನ್ನು ತುಂಡು ಮಾಡಿ ಎಣಿಸಲು ಕಲಿತಂದಿನಿಂದಲೇ ಮನುಷ್ಯನ ನೆಮ್ಮದಿ ಕೆಟ್ಟಿತೆಂದು ನಾನು ನಂಬಿದ್ದೇನೆ. ಈ ನಂಬಿಕೆ ನನಗೆ ಧ್ಯಾನದಿಂದ ಬಂದದ್ದಲ್ಲ. ಹತ್ತನೇ ತರಗತಿಯ ಗಣಿತದ ಆನ್‌ಲೈನ್ ಟ್ಯೂಷನ್ನಿಗೆ ತಿಂಗಳಿಗೆ ಆರುನೂರು ರೂಪಾಯಿ ಇಡಬೇಕೋ, ವರ್ಷಕ್ಕೆ ಆರು ಸಾವಿರ ಇಡಬೇಕೋ ಎಂಬ ಚರ್ಚೆಯಿಂದ ಬಂದದ್ದು.

ಟ್ಯೂಷನ್ ನನ್ನ ಸೊಸೆಯದು. ಹರಿಹರದ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳುತ್ತಿದ್ದಳು. ದಿನಾ ದಾವಣಗೆರೆಯಿಂದ ಬಸ್ಸು, ತಿಂಗಳಿಗೆ ಹನ್ನೆರಡು ಸಾವಿರ ಸಂಬಳ. ಮಗು ಹುಟ್ಟಿದ ಮೇಲೆ ರಜೆ ಹಾಕಿ ಮನೆಯಲ್ಲಿ ಉಳಿದಳು. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಸಂಜೆ ಏಳಕ್ಕೆ ಪಾಠ ಶುರು ಮಾಡಿದಳು. ಶಾಲೆಯವರು ಸಭ್ಯರು. “ದಸರಾ ರಜೆ ಮುಗಿಯೋದ್ರೊಳಗ ಹೇಳಿಬಿಡ್ರಿ ಮೇಡಂ. ಬರದಿದ್ರೆ ಬೇರೆಯವ್ರನ್ನ ಕಾಯಂ ಮಾಡ್ತೀವಿ” ಅಂದಿದ್ದರು. ಅಷ್ಟರೊಳಗೆ ಟ್ಯೂಷನ್ನು ಸಂಬಳದ ಹಾಗೆ ತಿಂಗಳಾ ಬರುವಂತಾಗಬೇಕಿತ್ತು. ಆಗದಿದ್ದರೆ ಮಗುವನ್ನು ನಮ್ಮ ಮಡಿಲಿಗೆ ಹಾಕಿ ಅವಳು ಮತ್ತೆ ಬಸ್ಸು ಹತ್ತಬೇಕಿತ್ತು.

ದರ ನಿಗದಿಯ ಗುರುತರ ಹೊಣೆಯನ್ನು ನಾನೇ ಹೊತ್ತೆ. ಮಂಡಿಪೇಟೆಯ ದಿನಸಿ ಸಗಟು ಅಂಗಡಿಯೊಂದರಲ್ಲಿ ಆಯಸ್ಸೆಲ್ಲ ಗುಮಾಸ್ತನಾಗಿದ್ದವನು ನಾನು. ಬಿಡಿಗೆ ಒಂದು ದರ, ಮೂಟೆಗೆ ಒಂದು ದರ: ಇದು ನಮ್ಮ ಪೇಟೆಯ ವೇದ. ತಿಂಗಳು ಬಿಡಿ, ವರ್ಷ ಮೂಟೆ. ಹತ್ತು ತಿಂಗಳ ದುಡ್ಡಿಗೆ ಹನ್ನೆರಡು ತಿಂಗಳು. “ವರ್ಷದ ಪ್ಲಾನ್ ತಗೊಂಡವರಿಗೆ ಎರಡು ತಿಂಗಳು ಫ್ರೀ” ಎಂದು ಪೋಸ್ಟರ್ ಮಾಡಿಸಿ, ಜೂನ್ ಮೊದಲಿಗೆ ವಾಟ್ಸಾಪಿನಲ್ಲಿ ಹರಿಯಬಿಟ್ಟೆವು. ಬ್ಯಾಂಕಿನಲ್ಲಿ ದುಡಿಯುವ ಮಗ ಅದನ್ನು ನೋಡಿ “ಚೆನ್ನಾಗೈತೆ” ಅಂದ. ಈ ವ್ಯವಹಾರಕ್ಕೆ ಅವನ ಕಾಣಿಕೆ ಅಷ್ಟೆ.

ಇಪ್ಪತ್ತಾರು ಮಕ್ಕಳು ಸೇರಿದರು. ಇಪ್ಪತ್ತಾರೂ ತಿಂಗಳ ಲೆಕ್ಕಕ್ಕೆ. ವರ್ಷದ ಪ್ಲಾನನ್ನು ಒಬ್ಬರೂ ಮುಟ್ಟಲಿಲ್ಲ.

ಜನಕ್ಕೆ ಲಾಭ ತಿಳಿಯುವುದಿಲ್ಲ ಎಂದು ನಾನು ಮರುಗುತ್ತಿದ್ದಾಗ ನನ್ನ ಹಳೆಯ ಸಾವ್ಕಾರರ ಫೋನು ಬಂತು. ಅವರ ಮೊಮ್ಮಗಳೂ ಈ ಪಾಠಕ್ಕೆ ಸೇರಿದ್ದಳು.

“ಏನ್ರಿ ಗುಮಾಸ್ತ್ರ, ಆ ಎರಡು ತಿಂಗಳು ಫ್ರೀ ಅಂತ ಬರ್ದೀರಲ್ಲ, ಯಾವ ಎರಡು ತಿಂಗಳ್ರಿ?”

“ಕೊನೇ ಎರಡು, ಸಾವ್ಕಾರ್ರ. ಏಪ್ರಿಲ್, ಮೇ.”

“ಪರೀಕ್ಷೆ ಯಾವಾಗ?”

“ಮಾರ್ಚಿಗೆ ಶುರು…”

“ಹಂಗಾರೆ ಪರೀಕ್ಷೆ ಬರ್ದು, ಅಜ್ಜಿ ಊರಾಗ ಮಾವಿನಹಣ್ಣು ತಿನ್ನೋ ಹುಡುಗೀಗೆ ಫ್ರೀ ಪಾಠ! ನನ್ನ ಅಂಗಡ್ಯಾಗ ಕುಂತು ಇದನ್ನೇ ಏನ್ರಿ ಕಲ್ತಿದ್ದು? ಖಾಲಿ ಚೀಲ ಕೊಟ್ಟು ಮೂಟೆ ರೇಟು ಅಂತೀರಲ್ರಿ!”

ಪಾಠ ನಡೆಯುವುದು ಹತ್ತೇ ತಿಂಗಳು, ಜೂನ್‌ನಿಂದ ಮಾರ್ಚ್. ತಿಂಗಳಾ ಕೊಟ್ಟರೂ ಆರು ಸಾವಿರ, ಒಂದೇ ಸಲ ಕೊಟ್ಟರೂ ಆರು ಸಾವಿರ. ಒಂದೇ ಸಲ ಕೊಡುವವನಿಗೆ ಸಿಗುವುದು ಮುಂಗಡ ಕೊಟ್ಟ ಪುಣ್ಯ ಮಾತ್ರ. ಈ ಸತ್ಯ ಇಪ್ಪತ್ತಾರು ಮನೆಗಳಿಗೂ ಗೊತ್ತಿತ್ತು. ಗೊತ್ತಿಲ್ಲದ್ದು ಪೋಸ್ಟರ್ ಮಾಡಿಸಿದ ಮನೆಗೆ.

“ಮಾವ, ಶಾಲೇಲಿದ್ದೋಳು ನಾನು. ನನಗಾದ್ರೂ ಹೊಳೀಬೇಕಿತ್ತು” ಎಂದು ಸೊಸೆ ನಕ್ಕಳು. ನನ್ನ ಹೆಂಡತಿ ನಗುವುದರಲ್ಲಿ ಇನ್ನೂ ಧಾರಾಳಿ. “ಒಳ್ಳೇದಾತು ಬಿಡ್ರಿ. ಮೇ ತಿಂಗಳಾಗ ನೀವೊಬ್ರೇ ಕುಂತು ಫ್ರೀ ಪಾಠ ಕೇಳ್ರಿ.”

ತಿಂಗಳ ಲೆಕ್ಕವೇ ನಡೆಯಲಿ ಎಂದು ಬಿಟ್ಟೆವು. ಫೋನಿನಲ್ಲಿ ಒಮ್ಮೆ ಒಪ್ಪಿಗೆ ಕೊಟ್ಟರೆ ಪ್ರತಿ ತಿಂಗಳು ಆರುನೂರು ತಾನಾಗಿ ಕಡಿತವಾಗಿ ಬರುವ ಏರ್ಪಾಡಿತ್ತು. ಸೆಪ್ಟೆಂಬರಿನ ಹೊತ್ತಿಗೆ ಮೂವರು ಬಿಟ್ಟು ಇಪ್ಪತ್ಮೂರು ಉಳಿದಿದ್ದರು. ತಿಂಗಳಿಗೆ ಹದಿಮೂರು ಸಾವಿರದ ಎಂಟುನೂರು. ಸಂಬಳಕ್ಕಿಂತ ಮೇಲೆಯೇ. ಆ ಒಪ್ಪಿಗೆಯನ್ನು ಕೊಟ್ಟವರೇ ತಮ್ಮ ಫೋನಿನಿಂದ ಯಾವಾಗ ಬೇಕಾದರೂ ತಡೆಹಿಡಿಯಬಹುದು ಎಂಬುದನ್ನು ನಾವು ಮರೆತಿದ್ದೆವು. ನೆನಪಿಸಲು ದಸರಾ ಬಂತು.

ಮೊದಲು ಫೋನು ಮಾಡಿದವರು ಲೋಕಿಕೆರೆಯ ಒಬ್ಬ ತಾಯಿ. “ಮಿಸ್, ಈ ತಿಂಗಳು ರಜಾ ಐತಲ್ರಿ, ದುಡ್ಡು ಕಟ್ ಆಗೋದು ನಿಲ್ಲಿಸಿ ಮತ್ತೆ ಶುರು ಮಾಡ್ತೀವಿ ಆಯ್ತಾ?”

“ರಜೇಲೂ ಪಾಠ ಐತ್ರಿ. ತ್ರಿಕೋನಮಿತಿ ಮುಗಿಸ್ತೀನಿ.”

“ಹಬ್ಬದಾಗ ಯಾವ ತ್ರಿಕೋನ ಬಿಡ್ರಿ ಮಿಸ್!”

ವಾರದಲ್ಲಿ ಇಂಥ ಒಂಬತ್ತು ಫೋನುಗಳು ಬಂದವು. ಸೊಸೆಯ ಮುಖದಲ್ಲಿ ನಗು ಇರಲಿಲ್ಲ.

“ಆರುನೂರು ಹೋದ್ರೆ ಹೋಗ್ಲಿ ಮಾವ. ನಿಲ್ಲಿಸಿದೋರು ಮತ್ತೆ ಶುರು ಮಾಡೋದು ಮರೀತಾರೆ. ಆಮೇಲೆ ಮಕ್ಕಳಿಗೆ ನಡುವಿನ ಪಾಠ ಸಿಕ್ಕಿರಲ್ಲ, ತಿಳಿಯಲ್ಲ ಅಂತ ಬಿಡ್ತಾರೆ. ಶಾಲೆಗೆ ನಾನೇನು ಹೇಳ್ಲಿ? ಹಬ್ಬ ಬಂದಾಗೆಲ್ಲ ಅರ್ಧ ಸಂಬಳ ಅಂದ್ರೆ ಸಂಸಾರ ಹೆಂಗೆ?”

ಎರಡು ದಿನ ಯೋಚಿಸಿ ಅವಳೇ ಹೊಸ ಪ್ಲಾನ್ ತಂದಳು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಆರು ತಿಂಗಳು. ಆರರಲ್ಲೂ ಪಾಠ ಉಂಟು. ಒಂದೇ ಸಲ ಕೊಟ್ಟರೆ ಐದು ತಿಂಗಳ ದುಡ್ಡು, ಮೂರು ಸಾವಿರ.

“ತಲೆಗೆ ಆರುನೂರು ಕೈಬಿಟ್ಟಂಗಲ್ಲೇನಮ್ಮ?” ಎಂದು ನಾನು ಗುಮಾಸ್ತಗಿರಿ ತೋರಿಸಿದೆ.

“ಹಬ್ಬಕ್ಕ ನಿಲ್ಲಿಸಿದ್ರೂ ಹೋಗೋದು ಅದೇ ಆರುನೂರು, ಮಾವ. ಹಿಂಗಾದ್ರೆ ಹುಡುಗ್ರು ಉಳೀತಾರೆ.”

ಹೊಸ ಪೋಸ್ಟರ್ ಮಾಡಿಸಿದೆ. ಈ ಸಲ ಪೋಸ್ಟರಿನಲ್ಲಿ ಫ್ರೀ ಎಂಬ ಪದ ಇರಲಿಲ್ಲ.

ಮೊದಲ ಪರೀಕ್ಷಕರು ಸಾವ್ಕಾರರೇ. ಸೊಸೆಗೇ ನೇರ ಫೋನು; ಅವಳು ಸ್ಪೀಕರ್ ಹಾಕಿದಳು. “ನಡುವೆ ನಮ್ಮ ಹುಡುಗಿ ಬಿಟ್ರೆ ಏನವ್ವಾ?”

“ಕೂತ ತಿಂಗಳಿಗೆ ಆರುನೂರರ ಲೆಕ್ಕ ಹಿಡ್ದು, ಉಳಿದದ್ದು ವಾಪಸ್ ಹಾಕ್ತೀನಿ ರೀ.”

“ಎರಡೂವರೆ ಸಾವಿರಕ್ಕ ಮುಗಿಸು.”

“ಇಲ್ಲ ರೀ.”

“ಎರಡು ಸಾವಿರದ ಎಂಟುನೂರು?”

“ಇಲ್ಲ ರೀ.”

“ನಿಮ್ಮ ಮಾವ ಆಗಿದ್ರೆ ಇಷ್ಟೊತ್ತಿಗೆ ಒಪ್ಪಿರೋನು” ಎಂದು ನನಗೆ ಕೇಳುವಂತೆಯೇ ಗೊಣಗಿ, ಫೋನಿಟ್ಟ ಕೂಡಲೇ ಮೂರು ಸಾವಿರ ಕಳಿಸಿದರು. ಪೇಟೆಯಲ್ಲಿ ಚೌಕಾಸಿ ಒಂದು ಮರ್ಯಾದೆ. ಮಾಡದೆ ಕೊಟ್ಟರೆ ಮಾಲಿನ ಮೇಲೇ ಅನುಮಾನ.

ನಂದಿಗುಡಿಯ ಮೂವರು ತಂದೆಯರದು ಬೇರೆ ಮಾತು. ಅವರ ಪರವಾಗಿ ಒಬ್ಬರು ಹೇಳಿದರು: “ನಮಗ ತಿಂಗಳಾ ರೊಕ್ಕ ಬರಾದಿಲ್ಲ ಅಕ್ಕಾರ. ಭತ್ತ ಕೊಯ್ದು ಮಾರಿದ ಮ್ಯಾಲೆ ಮೂರೂ ಸಾವಿರ ಒಂದೇ ಸಲಕ್ಕ ಕೊಡ್ತೀವಿ. ಅಲ್ಲೀತನಕ ಹುಡುಗ್ರನ್ನ ಹೊರಗ ಹಾಕಬ್ಯಾಡ್ರಿ.”

ಸೊಸೆ ನನ್ನ ಮುಖ ನೋಡಿದಳು. ಈ ವಿಷಯದಲ್ಲಿ ಮಾತ್ರ ನನ್ನ ಅನುಭವಕ್ಕೆ ಬೆಲೆಯಿತ್ತು. ಮಾಲು ಬಂದ ಮೇಲೆ ಲೆಕ್ಕ ಚುಕ್ತಾ ಮಾಡುವುದು ಮಂಡಿಯಲ್ಲಿ ಹೊಸದಲ್ಲ. “ಒಪ್ಕೋ” ಅಂದೆ. ಒಪ್ಪಿದಳು. ಕೊಯ್ಲಾದ ಮೇಲೆ ಮೂವರೂ ಕೊಟ್ಟರು.

ಕೈಗೆ ಬಂದದ್ದನ್ನು ಸೊಸೆ ಒಂದೇ ಉಸಿರಿಗೆ ಖರ್ಚು ಮಾಡಲಿಲ್ಲ. ಬೇರೆ ಖಾತೆಗೆ ಹಾಕಿ, ಒಂದು ತಿಂಗಳ ಪಾಠ ಮುಗಿದ ಮೇಲೆ ಆ ತಿಂಗಳ ಪಾಲನ್ನಷ್ಟೇ ತೆಗೆಯುತ್ತಿದ್ದಳು. “ಇನ್ನೂ ಹೇಳಿಕೊಡದ ಪಾಠದ ದುಡ್ಡು ನಮ್ದಲ್ಲ ಮಾವ” ಎನ್ನುತ್ತಿದ್ದಳು. ಹೊಸ ಫ್ರಿಜ್ಜಿನ ಬಗ್ಗೆ ನನ್ನ ಹೆಂಡತಿ ಎತ್ತಿದ ಪ್ರಸ್ತಾಪ ಈ ತತ್ವಕ್ಕೆ ಡಿಕ್ಕಿ ಹೊಡೆದು ಬಿದ್ದುಹೋಯಿತು.

ಹದಿನಾಲ್ಕು ಮನೆಯವರು ಆರು ತಿಂಗಳ ಪ್ಲಾನ್ ತೆಗೆದುಕೊಂಡರು. ಒಂಬತ್ತು ಮನೆಯವರು ತಿಂಗಳ ಲೆಕ್ಕದಲ್ಲೇ ಉಳಿದರು. ಅವರಲ್ಲಿ ನಾಲ್ವರು ಹಬ್ಬಕ್ಕೆಂದು ನಿಲ್ಲಿಸಿದರು, ಇಬ್ಬರು ಮರಳಿ ಬಂದರು. ಹಬ್ಬದ ನಂತರ ತಿಂಗಳಿಗೆ ಹನ್ನೊಂದು ಸಾವಿರದ ಇನ್ನೂರು ನಿಂತಿತು. ಅದು ಶಾಲೆಯ ಸಂಬಳಕ್ಕಿಂತ ಎಂಟುನೂರು ಕಡಿಮೆ, ಬಸ್ಸಿನ ಖರ್ಚು ಕಳೆದರೆ ಹೆಚ್ಚುಕಡಿಮೆ ಸಮ. ದಸರಾ ರಜೆ ಮುಗಿಯುವ ಮುನ್ನವೇ ಸೊಸೆ ಹರಿಹರದ ಶಾಲೆಗೆ ಬರುವುದಿಲ್ಲವೆಂದು ತಿಳಿಸಿದಳು.