ಭಾನುಮತಿಬಾಯಿ ಖಾಲಿ ಬಿಟ್ಟ ಖಾನೆ

ಭಾನುಮತಿಬಾಯಿ ನಾಸಿಕದ ನನ್ನ ಪ್ಯಾಥಾಲಜಿ ಲ್ಯಾಬಿನಲ್ಲಿ ಹನ್ನೊಂದು ವರ್ಷ ಟೈಪಿಸ್ಟ್ ಆಗಿದ್ದರು. ವಿಜಾಪುರದ ಕಡೆಯವರು. ಗಂಡ ಬ್ಯಾಂಕಿನವರು, ವರ್ಗವಾಗಿ ಇಲ್ಲಿಗೆ ಬಂದು, ಬಡ್ತಿ ಬೇಡವೆಂದು ಇಲ್ಲಿಯೇ ಉಳಿದವರು. ಭಾನುಮತಿಬಾಯಿಯದು ಒಂದೇ ಪದ್ಧತಿ: ನಾನು ಹೇಳಿದ್ದನ್ನಷ್ಟೇ ಹೊಡೆಯುವುದು. ಹೇಳದೆ ಬಿಟ್ಟಿದ್ದೇನೆ ಅನ್ನಿಸಿದರೆ ಕರಡಿನ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ. ಚುಕ್ಕೆಯನ್ನು ನಾನು ಅಳಿಸಿದರೆ ಎರಡನೇ ಸಲ ಕೇಳುತ್ತಿರಲಿಲ್ಲ.

ನಾನು ಧಾರಾಳವಾಗಿ ಅಳಿಸುತ್ತಿದ್ದೆ. ನನ್ನ ರಿಪೋರ್ಟುಗಳು ಬರೀ ರಿಪೋರ್ಟುಗಳಲ್ಲ, ಸಾಹಿತ್ಯ ಎಂದು ನನಗೆ ನಾನೇ ಬಿರುದು ಕೊಟ್ಟುಕೊಂಡಿದ್ದ ಕಾಲ ಅದು.

ತೊಂಬತ್ಮೂರರಲ್ಲಿ ಗೀತಾ ಎಂಬ ನಲವತ್ತೊಂದರ ಹೆಣ್ಣುಮಗಳ ಸ್ತನದ ಕ್ಯಾನ್ಸರಿಗೆ ಆಪರೇಷನ್ ಆಯಿತು. ತೆಗೆದ ಭಾಗ ನನ್ನ ಮೇಜಿಗೆ ಬಂತು. ಒಂದೂವರೆ ಪುಟ ಬರೆದೆ. ಗೀತಾಳ ಗಂಡ ವೆಂಕಟರಮಣ ಓಝರಿನ ವಿಮಾನ ಕಾರ್ಖಾನೆಯ ಟೆಕ್ನಿಷಿಯನ್, ಕೋಲಾರದವರು. ಅವರು ರಿಪೋರ್ಟನ್ನು ಔರಂಗಾಬಾದಿನ (ಈಗಿನ ಸಂಭಾಜಿನಗರ) ಕ್ಯಾನ್ಸರ್ ಡಾಕ್ಟರರಿಗೆ ತೋರಿಸಿದರು. ಆ ಡಾಕ್ಟರು ಖಾಲಿ ಖಾನೆಗಳ ಒಂದು ಪಟ್ಟಿ ಕೊಟ್ಟು ಅವರನ್ನು ನನ್ನ ಹತ್ತಿರ ಕಳಿಸಿದರು, ಜೊತೆಗೆ ಚೀಟಿ: ‘ರಿಪೋರ್ಟ್ ಎರಡು ಸಲ ಓದಿದೆ. ದಯವಿಟ್ಟು ಇದರಲ್ಲಿ ತುಂಬಿ. ಕಂಕುಳಿನ ಗ್ರಂಥಿಗಳು ಸ್ವಚ್ಛವಾಗಿದ್ದರೆ ಔಷಧಿ ಬೇಡ. ಒಂದರಲ್ಲಿ ರೋಗವಿದ್ದರೂ ಆರು ತಿಂಗಳ ಇಂಜೆಕ್ಷನ್ ಬೇಗ ಶುರುವಾಗಬೇಕು.’

ನನಗೆ ಅವಮಾನವಾಯಿತು. ಒಂದೂವರೆ ಪುಟದ ಗದ್ಯಕ್ಕೆ ಖಾನೆಗಳೇ? ರಿಪೋರ್ಟಿನಲ್ಲಿ ಎಲ್ಲವೂ ಇದೆ, ನೋಡಿ ತುಂಬಿ ಎಂದು ಪಟ್ಟಿಯನ್ನು ಭಾನುಮತಿಬಾಯಿಯತ್ತ ತಳ್ಳಿದೆ.

ಎಲ್ಲವೂ ಇರಲಿಲ್ಲ. ಗಡ್ಡೆಯ ಅಳತೆ ಇತ್ತು, ಎರಡೂವರೆ ಸೆಂಟಿಮೀಟರ್. ಗ್ರೇಡ್ ಎಂಬಲ್ಲಿ ಚುಕ್ಕೆ. ನಾನು ಬರೆದಿದ್ದು ‘ಮಧ್ಯಮ ಉಗ್ರತೆಯ’ ಎಂದು. ಮತ್ತೆ ಸ್ಲೈಡ್ ನೋಡಿ ಮೂರು ಲಕ್ಷಣಗಳಿಗೆ ಅಂಕ ಹಾಕಿದೆ: ಒಂಬತ್ತಕ್ಕೆ ಏಳು, ಗ್ರೇಡ್ ಎರಡು. ಆಳದ ಅಂಚು ಗಡ್ಡೆಯಿಂದ ಎಷ್ಟು ದೂರ? ‘ನೆಮ್ಮದಿಯ ದೂರ’ ಎಂದಿದ್ದೆ. ಅಳೆದೆ, ಎಂಟು ಮಿಲಿಮೀಟರ್. ಮುಂದಿನದು ಗ್ರಂಥಿಗಳು: ನೋಡಿದ್ದೆಷ್ಟು, ರೋಗವಿದ್ದದ್ದೆಷ್ಟು. ಚುಕ್ಕೆ. ಅದಿಲ್ಲದೆ ಕೆಳಗಿನ ಸ್ಟೇಜ್ ಎಂಬ ಖಾನೆಯೂ ಖಾಲಿ. ನನ್ನ ಗದ್ಯದಲ್ಲಿ ಇದ್ದದ್ದು ‘ಗ್ರಂಥಿಗಳು ರೋಗದ ಸೋಂಕಿಲ್ಲದೆ ಪ್ರಶಾಂತವಾಗಿವೆ’ ಎಂಬ ವಾಕ್ಯ.

ವೆಂಕಟರಮಣ ಎದುರಿಗೇ ಕೂತಿದ್ದರು. ಇದೇನು ಸಂಖ್ಯೆ ಇಲ್ಲವಲ್ಲ ಎಂದು ಕೇಳಿದರು. ನಾನು ಕ್ಷಣವೂ ತಡಮಾಡಲಿಲ್ಲ.

“ಟೈಪಿಂಗಿನಾಗ ಬಿಟ್ಟುಹೋಗೇದರಿ. ನಮ್ಮ ಭಾನುಮತಿಬಾಯಿ ಸ್ವಲ್ಪ ಅವಸರದವರು.”

ವೆಂಕಟರಮಣ ಭಾನುಮತಿಬಾಯಿಯತ್ತ ತಿರುಗಿದರು. “ನಮ್ಮಲ್ಲಿ ಒಂದು ನಂಬರ್ ಬಿಟ್ಟರೆ ವಿಮಾನ ಮೇಲಕ್ಕೇ ಹೋಗಲ್ಲಮ್ಮ.”

ಭಾನುಮತಿಬಾಯಿ ಮಷಿನ್ನಿನ ರಿಬ್ಬನ್ ಸರಿಪಡಿಸುತ್ತಿದ್ದರು. ಅದು ಸರಿಯಾಗಿಯೇ ಇತ್ತು.

ವೆಂಕಟರಮಣ ಹೋದ ಮೇಲೆ ನನ್ನ ಕೈಬರಹದ ಪುಸ್ತಕ ತೆಗೆದೆ. ‘ಗ್ರಂಥಿ ನಾಲ್ಕು’ ಎಂದಿತ್ತು. ಕಂಕುಳಿನ ಕೊಬ್ಬಿನಲ್ಲಿ ಹುಡುಕಿದರೆ ಹತ್ತಾದರೂ ಸಿಗಬೇಕು. ನಾಲ್ಕೇ ಸ್ವಚ್ಛವಾಗಿದ್ದರೆ ಉಳಿದವುಗಳ ಬಗ್ಗೆ ಯಾರೂ ಪ್ರಮಾಣ ಮಾಡಲಾರರು. ಮೊದಲ ಸಲ ಪರೀಕ್ಷಿಸಿದ ದಿನ ಸಂಜೆ ಕನ್ನಡ ಸಂಘದಲ್ಲಿ ನನ್ನ ಭಾಷಣವಿತ್ತು, ನಾಲ್ಕು ಗ್ರಂಥಿ ಸಿಕ್ಕೊಡನೆ ಕೈ ತೊಳೆದಿದ್ದೆ. ಫೈಲಿನಲ್ಲಿ ಹಳೆಯ ಕರಡೂ ಸಿಕ್ಕಿತು. ‘ಗ್ರಂಥಿಗಳು’ ಎಂಬ ಸಾಲಿನ ಪಕ್ಕ ರಬ್ಬರಿನಿಂದ ಉಜ್ಜಿದ ಬಿಳಿ ಕಲೆ. ಉಜ್ಜಿದವನು ನಾನೇ.

ಪುಣ್ಯಕ್ಕೆ ತೆಗೆದ ಭಾಗ ಇನ್ನೂ ಫಾರ್ಮಲಿನ್ ಡಬ್ಬಿಯಲ್ಲಿತ್ತು. ಕೊಬ್ಬನ್ನು ತೆಳ್ಳಗೆ ಸೀಳಿ ಬೆರಳ ತುದಿಯಲ್ಲಿ ಹಿಸುಕುತ್ತ ಹುಡುಕಿದೆ. ಬಟಾಣಿಯಂಥವು, ಅಕ್ಕಿಕಾಳಿನಂಥವು, ಇನ್ನೂ ಒಂಬತ್ತು ಸಿಕ್ಕವು. ಎರಡು ದಿನ ಕಳೆದು ಸ್ಲೈಡ್ ಬಂದಾಗ ಎರಡರಲ್ಲಿ ಕ್ಯಾನ್ಸರ್ ಇತ್ತು. ಹದಿಮೂರರಲ್ಲಿ ಎರಡು. ಬೇರೆ ಕಡೆ ಹರಡಿಲ್ಲವೆಂದು ಸರ್ಜನ್ ಬರೆದಿದ್ದರು. ಆದರೂ ಎರಡು-ಎ ಆಗಬಹುದಾಗಿದ್ದ ಸ್ಟೇಜ್ ಎರಡು-ಬಿ ಆಯಿತು. ನನ್ನ ಪ್ರಶಾಂತ ವಾಕ್ಯವನ್ನು ನಂಬಿದ್ದರೆ ಗೀತಾಳಿಗೆ ಇಂಜೆಕ್ಷನ್ ಸಿಗುತ್ತಿರಲಿಲ್ಲ.

ಭಾನುಮತಿಬಾಯಿ ತಿದ್ದಿದ ಪಟ್ಟಿಯನ್ನು ಟೈಪ್ ಮಾಡಿ ತಂದರು. ಕೊನೆಯ ಖಾನೆ ‘ತಿದ್ದುಪಡಿಗೆ ಕಾರಣ’. ಖಾಲಿ, ಪಕ್ಕದಲ್ಲಿ ಚುಕ್ಕೆ.

“ಬರೀರಿ, ಟೈಪಿಂಗ್...” ಎಂದು ಶುರುಮಾಡಿ ನಿಲ್ಲಿಸಿದೆ.

“ನೀವು ಹೇಳಿದ್ದ ಹೊಡೀತೀನ್ರಿ ಡಾಕ್ಟರ್,” ಎಂದರು. “ಇಷ್ಟು ವರ್ಷ ಅದನ್ನ ಮಾಡೀನಿ.”

ಹೇಳಿದೆ: ಮೊದಲ ಸಲ ಪರೀಕ್ಷಿಸಿದವನು ನಾಲ್ಕೇ ಗ್ರಂಥಿ ಹುಡುಕಿದ್ದ, ಆ ಸಂಖ್ಯೆಯನ್ನೂ ಬರೆದಿರಲಿಲ್ಲ, ಟೈಪಿಸ್ಟ್ ಕೇಳಿದ್ದರು. ಮೊದಲ ಎರಡನ್ನು ಹೊಡೆದರು. ಮೂರನೆಯದಕ್ಕೆ ಕೈ ನಿಂತಿತು. ಅದು ಪೇಷಂಟಿಗೆ ಬೇಕಿಲ್ಲ, ಬೇಕಾದವರಿಗೆ ಬಾಯಲ್ಲಿ ಹೇಳಿ ಎಂದರು. ಹನ್ನೊಂದು ವರ್ಷದಲ್ಲಿ ನಾನು ಹೇಳಿದ್ದನ್ನು ಅವರು ಹೊಡೆಯದೇ ಇದ್ದದ್ದು ಅದೊಂದೇ ಸಲ.

ಸಂಜೆ ವೆಂಕಟರಮಣ ಬಂದರು. ಭಾನುಮತಿಬಾಯಿಯ ಎದುರಿಗೇ ಎಲ್ಲ ಹೇಳಿದೆ. ನನ್ನ ಬಾಯಲ್ಲಿ ಆ ದಿನ ಒಂದೂ ವಿಶೇಷಣ ಬರಲಿಲ್ಲ. ವೆಂಕಟರಮಣ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ, ಹದಿಮೂರು ಮತ್ತು ಎರಡರ ಮೇಲೆ ಬೆರಳಿಟ್ಟು, ಮಡಿಸಿ ಜೇಬಿಗಿಟ್ಟರು. ಬೆಳಗಿನ ಬಸ್ಸಿಗೇ ಔರಂಗಾಬಾದಿಗೆ ಹೊರಡುತ್ತೇವೆ ಎಂದರು. ಬಾಗಿಲ ತನಕ ಹೋದವರು ಟೈಪ್‌ರೈಟರ್ ಹತ್ತಿರ ಹಿಂತಿರುಗಿ ಬಂದರು.

“ಆವತ್ತು ನಿಮ್ಮನ್ನ ಅಂದುಬಿಟ್ಟೆ. ತಪ್ಪಾಯ್ತಮ್ಮ.”

ಆ ಮಾತು ಹೇಳಬೇಕಾಗಿದ್ದವನು ಪಕ್ಕದಲ್ಲೇ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದ.